'ಇದು ಇವರಿಗೆ ಹೇಗೆ ಗೊತ್ತು?' ಎಂದು ಕೇಳುತ್ತಾ ಓದಿ

ಪ್ರಶ್ನೆ: ಸರ್, ನಾನು ಮಂಡ್ಯದಲ್ಲಿ ಬಿ.ಎ. ಎರಡನೇ ವರ್ಷ ಓದ್ತಾ ಇದ್ದೀನಿ. ಸಿನಿಮಾ ಹುಚ್ಚು ಜಾಸ್ತಿ. ಆದ್ರೆ ನೋಡಿ ಬಂದ ಮೇಲೆ 'ಚೆನ್ನಾಗಿದೆ', 'ಬೋರು' ಅನ್ನೋದು ಬಿಟ್ಟು ಬೇರೆ ಏನೂ ಹೇಳೋಕೆ ಬರಲ್ಲ. ಸಿನಿಮಾ ಹೇಗೆ ಮಾಡ್ತಾರೆ, ಹೇಗೆ ಅಳೀತಾರೆ ಅಂತ ತಿಳಿಯೋಕೆ ಯಾವ ಪುಸ್ತಕ ಓದಬೇಕು? ಒಬ್ಬರು ಹದಿನೈದು ಪುಸ್ತಕದ ಪಟ್ಟಿ ಕೊಟ್ಟರು. ಮೊದಲನೆಯದು ಐಸೆನ್‌ಸ್ಟೈನ್. ಇಪ್ಪತ್ತು ಪುಟಕ್ಕೇ ನಿಂತುಹೋಯ್ತು. ಇಂಗ್ಲಿಷ್ ಸುಮಾರಾಗಿ ಬರುತ್ತೆ.

ಉತ್ತರ: ಆ ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಐಸೆನ್‌ಸ್ಟೈನ್ ಇಪ್ಪತ್ತು ಪುಟಕ್ಕೆ ನಿಂತದ್ದು ನಿಮ್ಮ ತಪ್ಪಲ್ಲ. ಆತ ಸೋವಿಯತ್ ರಷ್ಯಾದ ನಿರ್ದೇಶಕ, ತನ್ನ ಜೊತೆಯ ನಿರ್ದೇಶಕರೊಂದಿಗೆ ಜಗಳವಾಡುತ್ತಾ ಬರೆದ ಮನುಷ್ಯ. ಆ ಜಗಳ ಯಾವುದರ ಬಗ್ಗೆ ಎಂದು ಗೊತ್ತಿಲ್ಲದವರು ಓದಿದರೆ, ಪಕ್ಕದ ಮನೆಯ ಆಸ್ತಿ ವ್ಯಾಜ್ಯವನ್ನು ಅರ್ಧದಿಂದ ಕೇಳಿಸಿಕೊಂಡ ಹಾಗಿರುತ್ತದೆ.

ಮೊದಲು ಒಂದೇ ಪುಸ್ತಕ ತೆಗೆದುಕೊಳ್ಳಿ. ಸಿಡ್ನಿ ಲುಮೆಟ್ ಬರೆದ 'ಮೇಕಿಂಗ್ ಮೂವೀಸ್', 1995ರದ್ದು. ಲುಮೆಟ್ ಅಮೆರಿಕದ ನಿರ್ದೇಶಕ. ಇಂಗ್ಲಿಷ್ ಸರಳ, ಎದುರಿಗೆ ಕೂತು ಮಾತಾಡಿದ ಹಾಗೆ. ಚಿತ್ರಕಥೆ, ನಟರು, ಕ್ಯಾಮೆರಾ, ಎಡಿಟಿಂಗ್, ಸೌಂಡು ಎಂದು ಒಂದೊಂದು ಕೆಲಸಕ್ಕೆ ಒಂದೊಂದು ಅಧ್ಯಾಯ. ಕ್ಯಾಮೆರಾ ಅಧ್ಯಾಯದಲ್ಲಿ ಆತ ತನ್ನ ಮೊದಲ ಸಿನಿಮಾ '12 ಆಂಗ್ರಿ ಮೆನ್' ಬಗ್ಗೆ ಬರೆದ ಕಡೆ ನಿಂತುಬಿಡಿ. ನೀವು ಕೇಳಿದ ಎರಡು ಪ್ರಶ್ನೆಗೂ ಬಾಗಿಲು ಅಲ್ಲೇ ಇದೆ.

1957ರ ಆ ಸಿನಿಮಾದ ಹೆಚ್ಚು ಪಾಲು ನಡೆಯುವುದು ಒಂದೇ ಕೋಣೆಯಲ್ಲಿ. ಹನ್ನೆರಡು ಜನ ಜ್ಯೂರಿಗಳು ಕೂತು ಒಬ್ಬ ಹುಡುಗನ ಮೇಲಿನ ಕೊಲೆ ಕೇಸಿನ ತೀರ್ಮಾನ ಮಾಡಬೇಕು. ಒಂದೂವರೆ ಗಂಟೆ ಒಂದೇ ಕೋಣೆ ಅಂದರೆ ನೋಡುವವರಿಗೆ ಬೇಜಾರಾಗಬಹುದು ಅಲ್ವಾ? ಲುಮೆಟ್ ಅದನ್ನೇ ಅನುಕೂಲ ಮಾಡಿಕೊಂಡ. ಹೊತ್ತು ಹೋದಂತೆ ಆ ಕೋಣೆ ಚಿಕ್ಕದಾಗುತ್ತಾ ಬರಬೇಕು, ಉಸಿರು ಕಟ್ಟಬೇಕು ಎಂದುಕೊಂಡ. ಅದಕ್ಕೆ ಎರಡು ಉಪಾಯ ಮಾಡಿದ. ಸಿನಿಮಾದ ಮೊದಲ ಮೂರನೇ ಒಂದು ಭಾಗದಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲೆ. ನಡುವಿನ ಭಾಗದಲ್ಲಿ ಕಣ್ಣಿನ ಮಟ್ಟಕ್ಕೆ. ಕೊನೆಯ ಭಾಗದಲ್ಲಿ ಅದಕ್ಕಿಂತ ಕೆಳಗೆ. ಹಾಗಾಗಿ ಕೊನೆ ಕೊನೆಗೆ ತಲೆ ಮೇಲಿನ ಚಾವಣಿ ಕಾಣತೊಡಗುತ್ತದೆ. ಇನ್ನೊಂದು ಉಪಾಯ ಲೆನ್ಸಿನದು. ಶುರುವಿಗೆ 28ರಿಂದ 40 ಎಂ.ಎಂ., ಆಮೇಲೆ 50, 75, 100 ಎಂ.ಎಂ. ಎಂದು ಲೆನ್ಸು ಉದ್ದವಾಗುತ್ತಾ ಹೋಗುತ್ತದೆ. ಲೆನ್ಸು ಉದ್ದವಾದಷ್ಟೂ ಕಡಿಮೆ ಜಾಗವನ್ನು ದೊಡ್ಡದಾಗಿ ಹಿಡಿಯುತ್ತದೆ. ಹಿಂದಿನ ಗೋಡೆ ನಟರ ಬೆನ್ನಿಗೇ ಬಂದು ಅಂಟಿದಂತೆ ಕಾಣುತ್ತದೆ. ಕಟ್ಟಡದಿಂದ ಹೊರಬಂದಾಗ ಮತ್ತೆ ಅಗಲದ ಲೆನ್ಸು. ನಮಗೂ ಉಸಿರು ಬಿಟ್ಟ ಹಾಗಾಗುತ್ತದೆ.

ಇದನ್ನು ಓದಿ ನಂಬಬೇಡಿ. ಸಿನಿಮಾ ಹಾಕಿಕೊಂಡು ನೋಡಿ. ಹತ್ತನೇ ನಿಮಿಷ, ನಲವತ್ತೈದನೇ ನಿಮಿಷ, ಎಂಬತ್ತನೇ ನಿಮಿಷ, ಈ ಮೂರು ಕಡೆ ನಿಲ್ಲಿಸಿ. ಒಂದೊಂದು ಕಡೆಯೂ ಹಿಂದೆ ಮುಂದೆ ಐದು ಶಾಟ್ ನೋಡಿ. ಟೇಬಲ್ಲಿನ ಮೇಲ್ಭಾಗ ಎಷ್ಟು ಕಾಣುತ್ತದೆ, ಚಾವಣಿ ಕಾಣುತ್ತದೋ ಇಲ್ಲವೋ, ಗೋಡೆ ಎಷ್ಟು ಹತ್ತಿರ ಎಂದು ಬರೆದಿಡಿ. ಪ್ರತಿ ಶಾಟೂ ಪುಸ್ತಕ ಹೇಳಿದ ಹಾಗೇ ಇರಬೇಕೆಂದಿಲ್ಲ. ಒಟ್ಟು ಒಲವು ಯಾವ ಕಡೆಗಿದೆ ಎಂಬುದು ಮುಖ್ಯ.

ಇಲ್ಲಿ ಒಂದು ತೊಡಕಿದೆ. ಬಹಳ ಪುಸ್ತಕಗಳೇ ಇದರಲ್ಲಿ ಎಡವುತ್ತವೆ. 'ಉದ್ದನೆ ಲೆನ್ಸು ದೂರವನ್ನು ಕುಗ್ಗಿಸುತ್ತದೆ' ಎಂದು ಬರೆದುಬಿಡುತ್ತವೆ. ಕುಗ್ಗಿಸುವುದು ಲೆನ್ಸಲ್ಲ, ಕ್ಯಾಮೆರಾ ನಿಂತ ಜಾಗ. ನೀವೇ ಮಾಡಿ ನೋಡಬಹುದು. ಒಂದು ಭಾನುವಾರ ಬೆಳಿಗ್ಗೆ, ವಾಹನ ಕಮ್ಮಿ ಇರುವಾಗ, ಮೈಸೂರಿನ ದೊಡ್ಡ ಗಡಿಯಾರದ ಹತ್ತಿರ ಬನ್ನಿ. ಗೋಪುರದಿಂದ ಸುಮಾರು 30 ಮೀಟರ್ ಈಚೆ ಗೆಳೆಯನನ್ನು ನಿಲ್ಲಿಸಿ. ಅವನಿಂದ ಒಂದೂವರೆ ಮೀಟರ್ ದೂರದಲ್ಲಿ ನಿಂತು ಫೋನಿನಲ್ಲಿ ಸಾದಾ 1x ಫೋಟೋ ತೆಗೆಯಿರಿ. ಆಮೇಲೆ ನಾಲ್ಕೂವರೆ ಮೀಟರಿಗೆ ಹಿಂದೆ ಸರಿದು 3x ಹಾಕಿ ತೆಗೆಯಿರಿ. ಎರಡರಲ್ಲೂ ಗೆಳೆಯನ ಮುಖ ಒಂದೇ ಅಳತೆ. ಆದರೆ ಎರಡನೆಯದರಲ್ಲಿ ಗೋಪುರ ಎರಡೂವರೆ ಪಟ್ಟಿಗೂ ಮೀರಿ ದೊಡ್ಡದಾಗಿ, ಅವನ ಹೆಗಲ ಮೇಲೇ ನಿಂತ ಹಾಗೆ ಕಾಣುತ್ತದೆ. ಈಗ ವಾಪಸ್ ಒಂದೂವರೆ ಮೀಟರಿಗೇ ಹೋಗಿ, ಅಲ್ಲಿಂದಲೇ 3x ಹಾಕಿ ಮೂರನೇ ಫೋಟೋ ತೆಗೆಯಿರಿ. ಮುಖ, ಗೋಪುರ ಎರಡೂ ಮೂರು ಪಟ್ಟು ಹಿಗ್ಗುತ್ತವೆ. ಅವುಗಳ ನಡುವಿನ ಲೆಕ್ಕ ಮಾತ್ರ ಮೊದಲ ಫೋಟೋದ ಹಾಗೇ ಇರುತ್ತದೆ. ಅಂದರೆ ಲೆನ್ಸು ಉದ್ದವಾದಾಗ ಮುಖವನ್ನು ಅದೇ ಅಳತೆಗೆ ಹಿಡಿಯಲು ಕ್ಯಾಮೆರಾಮನ್ ಹಿಂದೆ ಸರಿಯಬೇಕಾಗುತ್ತದೆ. ಗೋಡೆ ಹತ್ತಿರ ಬಂದದ್ದು ಆ ಸರಿದದ್ದಕ್ಕೆ.

ಈ ಮೂರು ಫೋಟೋ ತೆಗೆದವರಿಗೆ ಆಮೇಲೆ ಬೋರ್ಡ್‌ವೆಲ್ ಮತ್ತು ಥಾಂಪ್ಸನ್ ಅವರ 'ಫಿಲ್ಮ್ ಆರ್ಟ್' ಎಂಬ ದಪ್ಪ ಪಠ್ಯಪುಸ್ತಕ ಕಷ್ಟವಾಗುವುದಿಲ್ಲ. ಅದು 1979ರಿಂದ ಹೊಸ ಹೊಸ ಆವೃತ್ತಿಯಾಗಿ ಬರುತ್ತಲೇ ಇದೆ. ಹೊಸದು ದುಬಾರಿ. ಹಳೇ ಆವೃತ್ತಿ ಸಾಕು. ಅದನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವ ಸಾಹಸ ಬೇಡ. ಒಂದು ಸಿನಿಮಾ ನೋಡಿ ಯಾವುದೋ ಒಂದು ಅನುಮಾನ ಬಂದಾಗ ಆ ಅಧ್ಯಾಯ ತೆಗೆಯಿರಿ. ನಿಘಂಟಿನ ಹಾಗೆ ಬಳಸಿ.

ಈಗ ಅಸಲು ವಿಷಯಕ್ಕೆ ಬರೋಣ. ಸಿನಿಮಾ ಪುಸ್ತಕ ಓದುವಾಗ ಕೈಯಲ್ಲಿ ಪೆನ್ಸಿಲ್ ಇರಲಿ. ಪ್ರತಿ ದೊಡ್ಡ ಮಾತಿನ ಪಕ್ಕದಲ್ಲೂ 'ಇದು ಇವರಿಗೆ ಹೇಗೆ ಗೊತ್ತು?' ಎಂದು ಕೇಳಿಕೊಳ್ಳಿ. ಉತ್ತರ ಮೂರರಲ್ಲಿ ಒಂದಾಗಿರುತ್ತದೆ. ಪರದೆ ಮೇಲೆ ಕಂಡದ್ದು. ಕಾಗದದಲ್ಲಿ ಸಿಕ್ಕಿದ್ದು, ಇಲ್ಲವೇ ಯಾರೋ ಹೇಳಿದ್ದು. ಬರೆದವರಿಗೆ ಅನಿಸಿದ್ದು. ಚಾವಣಿ ಕಾಣುತ್ತದೆ ಎಂಬುದು ಮೊದಲ ಜಾತಿ, ನೀವೂ ನೋಡಬಹುದು. '75 ಎಂ.ಎಂ. ಹಾಕಿದೆವು' ಎಂಬುದು ಎರಡನೆಯದು, ಅವರ ಮಾತನ್ನು ನಂಬಬೇಕು. 'ಉಸಿರು ಕಟ್ಟಿತು' ಎಂಬುದು ಮೂರನೆಯದು. ಒಳ್ಳೆಯ ವಿಮರ್ಶೆಯಲ್ಲಿ ಮೂರನೆಯದಕ್ಕೆ ಮೊದಲನೆಯದು ಆಧಾರವಾಗಿ ನಿಂತಿರುತ್ತದೆ. ನೀವು 'ಬೋರು' ಎಂದು ನಿಲ್ಲಿಸುವ ಕಡೆ ಇಲ್ಲದಿರುವುದು ಆ ಆಧಾರ, ಅಷ್ಟೇ.

ಎರಡನೇ ಪುಸ್ತಕ ಎಡಿಟರ್ ವಾಲ್ಟರ್ ಮರ್ಚ್ ಅವರ 'ಇನ್ ದ ಬ್ಲಿಂಕ್ ಆಫ್ ಆ್ಯನ್ ಐ'. ಚಿಕ್ಕ ಪುಸ್ತಕ. ಮಂಡ್ಯ–ಮೈಸೂರು ನಡುವೆ ನಾಲ್ಕು ದಿನ ರೈಲಲ್ಲಿ ಓಡಾಡಿದರೆ ಮುಗಿಯುತ್ತದೆ. 'ಅಪೊಕಲಿಪ್ಸ್ ನೌ' ಸಿನಿಮಾಕ್ಕೆ 230 ಗಂಟೆಗೂ ಮೀರಿದ ಫಿಲ್ಮ್ ಬಂದು ಬಿತ್ತು, ಒಬ್ಬ ಎಡಿಟರ್ ದಿನಕ್ಕೆ ಹಾಕಿದ ಕಟ್‌ಗಳನ್ನು ಸರಾಸರಿ ತೆಗೆದರೆ 1.47 ಮಾತ್ರ ಎಂದು ಮರ್ಚ್ ಲೆಕ್ಕ ಕೊಡುತ್ತಾರೆ. ದಿನವಿಡೀ ಕೂತು ಒಂದೂವರೆ ಕಟ್! ಕತ್ತರಿಸುವುದಕ್ಕಿಂತ ಎಲ್ಲಿ ಕತ್ತರಿಸಬಾರದು ಎಂದು ಹುಡುಕುವುದಕ್ಕೇ ಹೊತ್ತು ಹೋಗುತ್ತದೆ ಎಂಬುದು ಆ ಒಂದು ಅಂಕಿಯಿಂದ ತಿಳಿಯುತ್ತದೆ.

ಅದೇ ಪುಸ್ತಕದಲ್ಲಿ ಇನ್ನೊಂದು ಲೆಕ್ಕವಿದೆ. ಒಂದು ಕಟ್ ಸರಿಯಾಗಿದೆಯೇ ಎಂದು ಅಳೆಯಲು ಆರು ಅಂಶಗಳು, ಒಂದೊಂದಕ್ಕೆ ಶೇಕಡಾ ಅಂಕ. ಭಾವಕ್ಕೆ 51, ಕಥೆಗೆ 23, ಲಯಕ್ಕೆ 10, ನೋಡುವವರ ಕಣ್ಣು ಎಲ್ಲಿದೆ ಎಂಬುದಕ್ಕೆ 7. ಪರದೆ ಮೇಲಿನ ಎಡಬಲಕ್ಕೆ 5, ಕೋಣೆಯೊಳಗೆ ಯಾರು ಎಲ್ಲಿದ್ದಾರೆ ಎಂಬ ಲೆಕ್ಕಕ್ಕೆ 4. ವಿದ್ಯಾರ್ಥಿಗಳು ಇದನ್ನು ಭೌತಶಾಸ್ತ್ರದ ಸೂತ್ರದ ಹಾಗೆ ಪರೀಕ್ಷೆಯಲ್ಲಿ ಬರೆಯುತ್ತಾರೆ. ಈಗ ಪೆನ್ಸಿಲ್ ತೆಗೆಯಿರಿ. ಇದು ಇವರಿಗೆ ಹೇಗೆ ಗೊತ್ತು? ಯಾರೂ ಅಳತೆ ಮಾಡಿ ತಂದದ್ದಲ್ಲ. ತುಸು ತಮಾಷೆಯಾಗಿಯೇ ಆ ಅಂಕ ಕೊಟ್ಟಿದ್ದೇನೆ ಎಂದು ಮರ್ಚ್ ಅವರೇ ಹೇಳುತ್ತಾರೆ. ಅದರಿಂದ ತಿಳಿಯುವುದು ಸರದಿ. ಭಾವ ಕೆಡುವ ಹಾಗಿದ್ದರೆ, ಕೈಯಲ್ಲಿದ್ದ ಲೋಟ ಮುಂದಿನ ಶಾಟ್‌ನಲ್ಲಿ ಟೇಬಲ್ಲಿನ ಮೇಲಿದ್ದರೂ ಪರವಾಗಿಲ್ಲ, ಭಾವ ಉಳಿಸಿ ಎಂದರ್ಥ. ಸಿನಿಮಾದಲ್ಲಿ ಲೋಟ ಜಾಗ ಬದಲಿಸಿದ್ದನ್ನು ಹುಡುಕಿ 'ತಪ್ಪು ಕಂಡುಹಿಡಿದೆ' ಎಂದು ಬೀಗುವವರಿಗೆ ಈ ಪುಟ ಓದಿಸಬೇಕು.

ಹೇಗೆ ಅಳೆಯುತ್ತಾರೆ ಎಂಬುದಕ್ಕೆ ನಾನು ಕೊಡುವುದು ಸತ್ಯಜಿತ್ ರೇ ಅವರ 'ಅವರ್ ಫಿಲ್ಮ್ಸ್, ದೆರ್ ಫಿಲ್ಮ್ಸ್', 1976. ಇದರಲ್ಲಿ ಅವರು 1948ರಲ್ಲಿ ಬರೆದ ಒಂದು ಲೇಖನವಿದೆ. ನಮ್ಮ ದೇಶದ ಸಿನಿಮಾದಲ್ಲಿ ಏನು ಕೆಟ್ಟಿದೆ ಎಂಬುದೇ ಅದರ ವಿಷಯ. 'ಪಥೇರ್ ಪಾಂಚಾಲಿ' ಬಂದದ್ದು 1955ರಲ್ಲಿ. ಅಂದರೆ ಒಂದೂ ಸಿನಿಮಾ ಮಾಡದ ಮನುಷ್ಯ ಏಳು ವರ್ಷ ಮುಂಚೆ ಏನನ್ನು ತಪ್ಪು ಎಂದಿದ್ದರು, ತಾನು ಮಾಡುವಾಗ ಏನು ಮಾಡಿದರು ಎಂದು ಪಕ್ಕಪಕ್ಕ ಇಟ್ಟು ನೋಡಬಹುದು. ಇಂಥ ಅವಕಾಶ ಬೇರೆ ವಿಮರ್ಶಕರ ಬಳಿ ಅಪರೂಪ.

ಆದರೆ ಅದೇ ಪುಸ್ತಕದಲ್ಲಿ 'ಅವರ್ ಫಿಲ್ಮ್ಸ್' ಭಾಗದ ಕೊನೆಯ ಕಡೆಯ ಲೇಖನಗಳನ್ನು ಹುಷಾರಾಗಿ ಓದಿ. ಎಪ್ಪತ್ತರ ದಶಕದ ಹೊಸ ಸಿನಿಮಾಗಳನ್ನು ರೇ ಅಲ್ಲಿ ತೂಗುತ್ತಾರೆ. ನಮ್ಮ ಮೈಸೂರಿನವರೇ ಆದ ಎಂ.ಎಸ್. ಸತ್ಯು ಅವರ 'ಗರಂ ಹವಾ' ಅಲ್ಲಿದೆ, ಶ್ಯಾಮ್ ಬೆನಗಲ್ ಅವರ 'ಅಂಕುರ್' ಇದೆ. ಮಣಿ ಕೌಲ್, ಕುಮಾರ್ ಶಹಾನಿ ಅವರ ಸಿನಿಮಾಗಳೂ ಇವೆ. ಕೊನೆಯ ಇಬ್ಬರ ಮೇಲೆ ರೇ ಅವರ ಟೀಕೆ ಕಟುವಾಗಿದೆ. ಕಥೆ ಚೊಕ್ಕವಾಗಿ ದಾಟಬೇಕು, ಮನುಷ್ಯರು ಮನುಷ್ಯರಂತೆ ನಡೆದುಕೊಳ್ಳಬೇಕು ಎಂಬುದು ರೇ ಅವರ ತಕ್ಕಡಿ. ಕೌಲ್ ಕೈ ಹಾಕಿದ್ದು ಬೇರೆ ಕೆಲಸಕ್ಕೆ. ಚಿನ್ನ ತೂಗುವ ತಕ್ಕಡಿಯಲ್ಲಿ ಹುಲ್ಲು ತೂಗಿದ ಹಾಗಾಗಿದೆ ಎಂದು ನನಗನಿಸುತ್ತದೆ. ಹುಲ್ಲಿನ ತಪ್ಪೂ ಇಲ್ಲ, ತಕ್ಕಡಿಯ ತಪ್ಪೂ ಇಲ್ಲ. ನೀವು ಒಪ್ಪಬೇಕೆಂದಿಲ್ಲ. 'ಗರಂ ಹವಾ' ಮತ್ತು ಕೌಲ್ ಅವರ 'ದುವಿಧಾ' ಎರಡನ್ನೂ ನೋಡಿ, ಆಮೇಲೆ ರೇ ಓದಿ, ಆಮೇಲೆ ನನ್ನನ್ನು ಬೈಯಿರಿ.

ಇನ್ನು ಚರಿತ್ರೆ. ಇಲ್ಲಿ ಪೆನ್ಸಿಲ್ಲಿನ ಪ್ರಶ್ನೆ ಎಷ್ಟು ಬೇಕು ಎಂಬುದಕ್ಕೆ ಒಂದೇ ಒಂದು ಪ್ರಸಂಗ ಹೇಳುತ್ತೇನೆ.

ಆರ್ಸನ್ ವೆಲ್ಸ್ ಅವರ 'ಸಿಟಿಜನ್ ಕೇನ್' 1941ರ ಸಿನಿಮಾ. ಚಿತ್ರಕಥೆಗೆ ಹರ್ಮನ್ ಮ್ಯಾಂಕಿವಿಚ್ ಮತ್ತು ವೆಲ್ಸ್, ಇಬ್ಬರ ಹೆಸರೂ ಇತ್ತು. ಅದಕ್ಕೆ ಬಂದ ಆಸ್ಕರ್ ಕೂಡ ಇಬ್ಬರಿಗೂ ಸೇರಿತ್ತು. ಮೂವತ್ತು ವರ್ಷದ ಮೇಲೆ, 1971ರಲ್ಲಿ, ಪಾಲಿನ್ ಕೇಲ್ ಎಂಬ ಬಹಳ ಪ್ರಭಾವದ ವಿಮರ್ಶಕಿ 'ನ್ಯೂಯಾರ್ಕರ್' ಪತ್ರಿಕೆಯಲ್ಲಿ 'ರೇಸಿಂಗ್ ಕೇನ್' ಎಂಬ ಉದ್ದನೆಯ ಬರಹ ಬರೆದರು. ಅದೇ ವರ್ಷ ಅದು ಪುಸ್ತಕದಲ್ಲೂ ಬಂತು. ಚಿತ್ರಕಥೆ ಪೂರಾ ಮ್ಯಾಂಕಿವಿಚ್ ಅವರದು, ವೆಲ್ಸ್ ಸುಮ್ನೆ ಹೆಸರು ಹಾಕಿಸಿಕೊಂಡರು ಎಂಬ ಅರ್ಥ ಬರುವ ವಾದ. ಬರವಣಿಗೆ ಎಷ್ಟು ಚುರುಕು ಅಂದರೆ ಓದಿದವರಲ್ಲಿ ಬಹಳ ಜನ ಮರುಮಾತಾಡದೆ ನಂಬಿದರು. ಹಾಲಿವುಡ್‌ನ ಹಳೇ ಪತ್ರಕರ್ತ–ಲೇಖಕರ ಲೋಕವನ್ನು ಕೇಲ್ ಕಟ್ಟಿಕೊಡುವ ರೀತಿ ಇವತ್ತಿಗೂ ಓದಲು ಖುಷಿ.

ಆದರೆ ಅವರು ಒಂದು ಕೆಲಸ ಮಾಡಿರಲಿಲ್ಲ. ವೆಲ್ಸ್ ಆಗಿನ್ನೂ ಬದುಕಿದ್ದರು. ಅವರನ್ನು ಕೇಳಿರಲಿಲ್ಲ.

ಆಮೇಲೆ ರಾಬರ್ಟ್ ಕ್ಯಾರಿಂಜರ್ ಎಂಬ ಪ್ರಾಧ್ಯಾಪಕರು ಬೇರೆ ದಾರಿ ಹಿಡಿದರು. ಸಿನಿಮಾ ತಯಾರಿಸಿದ ಆರ್‌ಕೆಓ ಸ್ಟುಡಿಯೋದ ಕಾಗದಪತ್ರ ತೆಗೆದು, ಅಲ್ಲಿದ್ದ ಚಿತ್ರಕಥೆಯ ಕರಡುಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಿದರು. 1940ರ ಮೊದಲ ಕರಡಿಗೆ 'ಅಮೆರಿಕನ್' ಎಂದು ಹೆಸರು. ಅದರ ಎಲುಬಿನ ಹಂದರ ಮ್ಯಾಂಕಿವಿಚ್ ಅವರದು, ಸಂದೇಹವಿಲ್ಲ. ಆದರೆ ಮುಂದಿನ ಕರಡುಗಳಲ್ಲಿ ದೃಶ್ಯಗಳು ಬಿದ್ದುಹೋಗುತ್ತವೆ, ಹೊಸವು ಸೇರುತ್ತವೆ, ಉದ್ದದ ಮಾತು ಚಿಕ್ಕದಾಗುತ್ತದೆ. ಆ ಬದಲಾವಣೆಗಳಲ್ಲಿ ವೆಲ್ಸ್ ಅವರ ಕೈ ದೊಡ್ಡದಾಗಿಯೇ ಇದೆ ಎಂದು ಕ್ಯಾರಿಂಜರ್ ತೋರಿಸಿದರು. 1985ರ 'ದ ಮೇಕಿಂಗ್ ಆಫ್ ಸಿಟಿಜನ್ ಕೇನ್' ಎಂಬ ಪುಸ್ತಕದಲ್ಲಿ ಈ ಕಥೆ ಇದೆ. ಛಾಯಾಗ್ರಹಣ, ಕಲಾ ನಿರ್ದೇಶನ ಯಾರು ಯಾರು ಎಷ್ಟೆಷ್ಟು ಮಾಡಿದರು ಎಂಬುದೂ ಅದರಲ್ಲಿದೆ. ಬರವಣಿಗೆ ಕೇಲ್ ಅವರಷ್ಟು ರುಚಿಯಾಗಿಲ್ಲ. ಆದರೆ 'ಹೇಗೆ ಗೊತ್ತು?' ಎಂದು ಕೇಳಿದರೆ ಕಾಗದ ತೋರಿಸುತ್ತಾರೆ. ಎರಡನ್ನೂ ಬೆನ್ನುಬೆನ್ನಿಗೆ ಓದಿ. ಚಂದದ ಬರಹಕ್ಕೂ ಗಟ್ಟಿ ಬರಹಕ್ಕೂ ಇರುವ ದೂರ ಅಲ್ಲೇ ಕಾಣುತ್ತದೆ.

ಕನ್ನಡದಲ್ಲಿ ಈ ಪ್ರಶ್ನೆ ಇನ್ನೂ ಜಾಸ್ತಿ ಬೇಕು. 1934ರ 'ಸತಿ ಸುಲೋಚನಾ' ನಮ್ಮ ಮೊದಲ ವಾಕ್ಚಿತ್ರ. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು ನಾಯಕ, ಆರ್. ನಾಗೇಂದ್ರರಾಯರು ರಾವಣ. ಚಿತ್ರೀಕರಣ ಕೊಲ್ಹಾಪುರದಲ್ಲಿ. ಅದರ ಪ್ರತಿ ಇವತ್ತು ಎಲ್ಲೂ ಉಳಿದಿಲ್ಲ. ಹಾಗಿದ್ದ ಮೇಲೆ ಯಾರಾದರೂ 'ಆ ಚಿತ್ರದ ಯುದ್ಧದ ದೃಶ್ಯ ಅಮೋಘವಾಗಿತ್ತು' ಎಂದು ಬರೆದರೆ ಏನು ಮಾಡಬೇಕು? ಅವರು ನೋಡಿರಲು ಸಾಧ್ಯವಿಲ್ಲ. ಆ ಕಾಲದ ಪತ್ರಿಕೆ ಓದಿದರೋ, ಅದರಲ್ಲಿ ದುಡಿದವರ ನೆನಪಿನ ಮಾತೋ, ಇಲ್ಲಾ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಇಳಿಸಿಕೊಂಡರೋ? ಮೂಲ ಹೇಳಿದ್ದರೆ ಇಟ್ಟುಕೊಳ್ಳಿ. ಹೇಳಿಲ್ಲದಿದ್ದರೆ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ. ನೆನಪಿನ ಬರಹ ಬೇಡ ಎನ್ನುತ್ತಿಲ್ಲ. ಸೆಟ್ಟಿನ ಊಟ, ಸಂಬಳ, ಜಗಳ ತಿಳಿಯುವುದು ಅವುಗಳಿಂದಲೇ. ವರ್ಷ, ತಾರೀಖು, ಯಾರು ಮೊದಲು ಎಂಬ ವಿಷಯಕ್ಕೆ ಮಾತ್ರ ನೆನಪು ಕೈಕೊಡುತ್ತದೆ.

ಕನ್ನಡದಲ್ಲೇ ಓದಲು ಕೆ. ಪುಟ್ಟಸ್ವಾಮಿಯವರ 'ಸಿನಿಮಾ ಯಾನ' ಹಿಡಿಯಿರಿ. 2009ರ ಸಾಲಿನ ರಾಷ್ಟ್ರ ಪ್ರಶಸ್ತಿಯಲ್ಲಿ ಅತ್ಯುತ್ತಮ ಸಿನಿಮಾ ಪುಸ್ತಕ ಎಂದು ಆಯ್ಕೆಯಾದದ್ದು. ಎಂ.ಕೆ. ರಾಘವೇಂದ್ರ ಅವರ 'ಬೈಪೋಲಾರ್ ಐಡೆಂಟಿಟಿ' ಕೂಡ ಕನ್ನಡ ಸಿನಿಮಾ ಬಗ್ಗೆಯೇ, ಆದರೆ ಇಂಗ್ಲಿಷ್ ಬಿಗಿಯಾಗಿದೆ. ಇನ್ನೊಂದು ವರ್ಷ ಕಾಯಲಿ. ಐಸೆನ್‌ಸ್ಟೈನ್ ಕೂಡ ಅದೇ ಸಾಲಿನಲ್ಲಿ ನಿಲ್ಲಲಿ.

ಓದುವುದರ ಜೊತೆಗೆ ನಿಮ್ಮ ಕೈಯಿಂದ ಒಂದು ಕೆಲಸ ಆಗಬೇಕು. ನಿಮ್ಮ ಮಂಡ್ಯ ಜಿಲ್ಲೆಯ ಹಳ್ಳಿಯಲ್ಲೇ, ಊರ ಜನರನ್ನೇ ಇಟ್ಟುಕೊಂಡು ರಾಮ್ ರೆಡ್ಡಿ ಮಾಡಿದ 'ತಿಥಿ' ತೆಗೆದುಕೊಳ್ಳಿ. ಸೆಂಚುರಿ ಗೌಡ ದಾರಿಯಲ್ಲಿ ಹೋಗಿಬರುವವರನ್ನೆಲ್ಲ ಬೈಯುತ್ತಾ ಕೂತಿರುವುದರಿಂದ ಅವನು ಸಾಯುವ ತನಕದ ಶುರುವಿನ ಭಾಗ ಮಾತ್ರ ಸಾಕು. ಮೊದಲ ಸಲ ಸುಮ್ನೆ ನೋಡಿ. ಎರಡನೇ ಸಲ ಸೌಂಡು ಪೂರ್ತಿ ತೆಗೆದು ಶಾಟ್ ಎಣಿಸಿ. ಒಟ್ಟು ಸೆಕೆಂಡನ್ನು ಶಾಟ್‌ಗಳ ಸಂಖ್ಯೆಯಿಂದ ಭಾಗಿಸಿ. ಒಂದು ಶಾಟ್ ಸರಾಸರಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಸಿಗುತ್ತದೆ. ಯಾವುದಾದರೂ ದೊಡ್ಡ ಹೀರೋ ಸಿನಿಮಾದ ಅಷ್ಟೇ ಉದ್ದದ ಶುರುವಿಗೂ ಅದೇ ಲೆಕ್ಕ ಮಾಡಿ. ಮೂರನೇ ಸಲ ಪರದೆಗೆ ಬೆನ್ನು ಹಾಕಿ ಕೇಳಿ. ಹಿನ್ನೆಲೆ ಸಂಗೀತ ಎಷ್ಟು ಕಡೆ ಬಂತು, ಬೇರೆ ಏನೇನು ಸದ್ದು ಕೇಳಿತು ಎಂದು ಬರೆದುಕೊಳ್ಳಿ.

'ತಿಥಿ' ಬಗ್ಗೆ ಬಂದ ಬರಹಗಳಲ್ಲಿ 'ಸಹಜ ನಟನೆ' ಎಂಬ ಮಾತು ಪದೇ ಪದೇ ಕಾಣುತ್ತದೆ. ಅದು ಮೂರನೇ ಜಾತಿಯ ಮಾತು, ಅನಿಸಿಕೆ. ಅವರು ವೃತ್ತಿ ನಟರಲ್ಲ ಎಂಬುದು ಎರಡನೇ ಜಾತಿ, ಎಲ್ಲೋ ಓದಿ ತಿಳಿದದ್ದು. ಮೊದಲ ಜಾತಿಯದನ್ನು ಬಹಳ ಜನ ಬರೆದೇ ಇಲ್ಲ. ಕ್ಯಾಮೆರಾ ಎಷ್ಟು ದೂರ ನಿಂತಿದೆ? ಮಾತಿನ ನಡುವೆ ಕಟ್ ಬೀಳುತ್ತದೋ, ಮಾತು ಮುಗಿಯುವ ತನಕ ಕಾಯುತ್ತದೋ? ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಹತ್ತುತ್ತದೋ? ನಿಮ್ಮ ಮೂರು ಸಲದ ಟಿಪ್ಪಣಿಯಲ್ಲಿ ಇದಕ್ಕೆ ಉತ್ತರವಿರುತ್ತದೆ. ಅದರಿಂದಲೇ ಒಂದು ಪುಟ ಬರೆಯಿರಿ. 'ಸಹಜ' ಎಂಬ ಪದ ಮಾತ್ರ ಬಳಸಬೇಡಿ.

ಕೊನೆಗೆ ಕೊಳ್ಳುವ ವಿಷಯ. ಕೈಯಲ್ಲಿ ದುಡ್ಡಿದ್ದರೆ ಲುಮೆಟ್ ಮತ್ತು ರೇ ಮಾತ್ರ ಕೊಳ್ಳಿ, ಅವು ಮತ್ತೆ ಮತ್ತೆ ಬೇಕಾಗುತ್ತವೆ. ಮಿಕ್ಕದ್ದಕ್ಕೆ ಕಾಲೇಜು ಲೈಬ್ರರಿ, ಮಾನಸಗಂಗೋತ್ರಿಯ ಲೈಬ್ರರಿ ವಿಚಾರಿಸಿ. ಹಳೇ ಪುಸ್ತಕದ ಅಂಗಡಿಯಲ್ಲಿ 'ಫಿಲ್ಮ್ ಆರ್ಟ್' ಸಿಕ್ಕಿದರೆ ದುಡ್ಡು ಕೊಡುವ ಮುಂಚೆ ಒಂದೊಂದೇ ಹಾಳೆ ತಿರುವಿ ನೋಡಿ. ನಾನು ಓದುತ್ತಿದ್ದ ಕಾಲದಲ್ಲಿ ಒಂದು ಲೈಬ್ರರಿಯಿಂದ ತಂದ ಸಿನಿಮಾ ಪುಸ್ತಕದಲ್ಲಿ, ಎಡಿಟಿಂಗ್ ಅಧ್ಯಾಯದ ಚಿತ್ರಗಳನ್ನೆಲ್ಲ ಯಾರೋ ಪುಣ್ಯಾತ್ಮರು ಬ್ಲೇಡಿನಲ್ಲಿ ಕತ್ತರಿಸಿಕೊಂಡಿದ್ದರು. 'ಮೇಲಿನ ಚಿತ್ರ ನೋಡಿ' ಎಂಬ ಸಾಲಿನ ಮೇಲೆ ಚೌಕಾಕಾರದ ಕಿಂಡಿ. ಅದರೊಳಗಿಂದ ಮುಂದಿನ ಪುಟದ ಅಕ್ಷರ ಇಣುಕುತ್ತಿತ್ತು.